ಮೂರನೇ ದಿನದ ಅಂಕಿಗಳನ್ನು ನಂಬಬೇಡಿ

ಗೂಗಲ್ ಆ್ಯಡ್ಸ್‌ನಲ್ಲಿ ಹೊಸ ಸ್ಮಾರ್ಟ್ ಬಿಡ್ಡಿಂಗ್ ಕ್ಯಾಂಪೇನ್ ಶುರುವಾದ ನಾಲ್ಕನೇ ದಿನ ಬೆಳಿಗ್ಗೆ ಮಾಲೀಕರು ಏಜೆನ್ಸಿಗೆ ಫೋನ್ ಮಾಡುತ್ತಾರೆ. ಹಣ ಖರ್ಚಾಗುತ್ತಿದೆ, ಬುಕಿಂಗ್ ಬರುತ್ತಿಲ್ಲ, ಏನಾದರೂ ಮಾಡಿ ಎನ್ನುತ್ತಾರೆ. ಏಜೆನ್ಸಿಯವರು ಏನಾದರೂ ಮಾಡಿಯೂ ಬಿಡುತ್ತಾರೆ. ಎಷ್ಟೋ ಕ್ಯಾಂಪೇನ್‌ಗಳು ಹಾಳಾಗುವುದು ಅಲ್ಲಿಂದಲೇ.

ಚಿಕ್ಕಮಗಳೂರಿನ ಹೋಮ್‌ಸ್ಟೇ ಒಂದರ ಜಾಹೀರಾತು ಎಂದುಕೊಂಡು ಲೆಕ್ಕ ಹಾಕೋಣ. ದಿನಕ್ಕೆ 2,000 ರೂಪಾಯಿ ಬಜೆಟ್, ಕ್ಲಿಕ್ಕಿಗೆ 20 ರೂಪಾಯಿ, ಅಂದರೆ ದಿನಕ್ಕೆ 100 ಕ್ಲಿಕ್. ನೂರರಲ್ಲಿ ನಾಲ್ಕು ಮಂದಿ ಕೊನೆಗೆ ಕೋಣೆ ಕಾಯ್ದಿರಿಸುತ್ತಾರೆ. ಒಂದು ಬುಕಿಂಗ್‌ಗೆ ತಗಲುವ ನಿಜವಾದ ವೆಚ್ಚ 500 ರೂಪಾಯಿ. ಮಾಲೀಕರು ಕೊಟ್ಟ ಗುರಿಯೂ (ಟಾರ್ಗೆಟ್ ಸಿಪಿಎ) ಅಷ್ಟೇ.

ಆದರೆ ಪ್ರವಾಸ ಹೊರಡುವವರು ಕ್ಲಿಕ್ ಮಾಡಿದ ಕೂಡಲೇ ಹಣ ಕಟ್ಟುವುದಿಲ್ಲ. ಮನೆಯವರನ್ನು ಕೇಳಬೇಕು, ರಜೆ ಸಿಗಬೇಕು, ಇನ್ನೆರಡು ಕಡೆ ದರ ವಿಚಾರಿಸಬೇಕು. ನಾಲ್ವರಲ್ಲಿ ಒಬ್ಬರು ಅದೇ ದಿನ, ಒಬ್ಬರು ಮರುದಿನ, ಒಬ್ಬರು ಐದನೇ ದಿನ, ಇನ್ನೊಬ್ಬರು ಎರಡನೇ ವಾರದಲ್ಲಿ ಬುಕ್ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಮೂರು ದಿನ ಕಳೆದಾಗ ಮೊದಲ ದಿನದ ಕ್ಲಿಕ್‌ಗಳಿಂದ ಎರಡು, ಎರಡನೇ ದಿನದವುಗಳಿಂದ ಎರಡು, ಮೂರನೇ ದಿನದವುಗಳಿಂದ ಒಂದು, ಒಟ್ಟು ಐದು ಬುಕಿಂಗ್ ಕಾಣುತ್ತವೆ. ಖರ್ಚು 6,000. ಪರದೆಯ ಮೇಲೆ ಬುಕಿಂಗ್ ಒಂದಕ್ಕೆ 1,200 ರೂಪಾಯಿ!

ಎರಡು ವಾರ ಬಿಟ್ಟು ಅದೇ ಮೂರು ದಿನಗಳನ್ನು ತೆರೆದರೆ ಅಲ್ಲಿ ಹನ್ನೆರಡು ಬುಕಿಂಗ್ ಇರುತ್ತವೆ, ವೆಚ್ಚ 500ಕ್ಕೆ ಇಳಿದಿರುತ್ತದೆ. ಗೂಗಲ್‌ನ ಮಾಮೂಲಿ ವರದಿ ಕನ್ವರ್ಷನ್ನನ್ನು ಅದು ನಡೆದ ದಿನಕ್ಕಲ್ಲ, ಜಾಹೀರಾತನ್ನು ಕ್ಲಿಕ್ ಮಾಡಿದ ದಿನಕ್ಕೆ ಜಮಾ ಮಾಡುತ್ತದೆ. ಹಾಗಾಗಿ ಖರ್ಚು ಆಯಾ ದಿನವೇ ಪೂರ್ತಿ ಕಾಣುತ್ತದೆ, ಫಲ ತಡವಾಗಿ ತುಂಬಿಕೊಳ್ಳುತ್ತದೆ. ತೀರಾ ಇತ್ತೀಚಿನ ದಿನಗಳು ಯಾವಾಗಲೂ ಇರುವುದಕ್ಕಿಂತ ಕೆಟ್ಟದಾಗಿಯೇ ಕಾಣುತ್ತವೆ.

1,200 ಕಂಡು ಗಾಬರಿಯಾದ ಮಾಲೀಕರು ಗುರಿಯನ್ನು 300ಕ್ಕೆ ಇಳಿಸಿದರೆ ಏನಾಗುತ್ತದೆ? ಸ್ಮಾರ್ಟ್ ಬಿಡ್ಡಿಂಗ್ ಪ್ರತಿ ಹುಡುಕಾಟದಲ್ಲೂ ಬುಕಿಂಗ್ ಆಗುವ ಸಂಭವವನ್ನು ಅಂದಾಜಿಸಿ, ಅದಕ್ಕೂ ಗುರಿಗೂ ತಕ್ಕಂತೆ ಬಿಡ್ ಕೂಗುತ್ತದೆ. ನೂರಕ್ಕೆ ನಾಲ್ಕರ ಸಂಭವವಿದ್ದಲ್ಲಿ 500ರ ಗುರಿಗೆ ಸುಮಾರು 20 ರೂಪಾಯಿ ಕೊಡಬಹುದಿತ್ತು, 300ರ ಗುರಿಗೆ 12 ಮಾತ್ರ. ಹರಾಜುಗಳು ಕೈತಪ್ಪುತ್ತವೆ, ಕ್ಲಿಕ್ ಕುಸಿಯುತ್ತದೆ. ಸೆಟ್ಟಿಂಗ್ ಬದಲಾದ ಕಾರಣ ಸ್ಥಿತಿಯ ಕಾಲಂನಲ್ಲಿ `Learning` ಎಂಬ ಸೂಚನೆ ಮತ್ತೆ ಬರಬಹುದು.

ಇದರಲ್ಲಿ ಇನ್ನೂ ಅಪಾಯಕಾರಿಯಾದ ತಿರುವೊಂದಿದೆ. ಗುರಿ ಇಳಿಸಿದ ಮೇಲಿನ ದಿನಗಳಲ್ಲಿ ಖರ್ಚು ಇಳಿಯುತ್ತದೆ, ಬುಕಿಂಗ್ ಮಾತ್ರ ಬರುತ್ತಲೇ ಇರುತ್ತವೆ. ಅವು ಹಳೆಯ ಕ್ಲಿಕ್‌ಗಳ ಫಲ. ತಾವು ಮಾಡಿದ ಬದಲಾವಣೆಯೇ ಕೆಲಸ ಮಾಡಿತು ಎಂದು ಮಾಲೀಕರು ನಂಬುತ್ತಾರೆ. ಮುಂದಿನ ವಾರ ಕೋಣೆಗಳು ಖಾಲಿ ಬಿದ್ದಾಗ ಬೈಗುಳ ಸ್ಮಾರ್ಟ್ ಬಿಡ್ಡಿಂಗ್‌ಗೆ.

ಮೊದಲ ದಿನಗಳು ಚೆನ್ನಾಗಿ ಕಂಡರೂ ನಂಬುವಂತಿಲ್ಲ. ಸರಾಸರಿ ದಿನಕ್ಕೆ ನಾಲ್ಕು ಬುಕಿಂಗ್ ಬರುವ ಕಡೆ ಬರೀ ಆಕಸ್ಮಿಕವಾಗಿಯೇ ಸುಮಾರು ಹನ್ನೊಂದು ದಿನಕ್ಕೊಮ್ಮೆ ಒಂದು ಅಥವಾ ಸೊನ್ನೆ ಬರುತ್ತದೆ. ಏಳೆಂಟು ಬರುವ ದಿನಗಳೂ ಇರುತ್ತವೆ. ಜತೆಗೆ ಗೂಗಲ್ ಒಂದೇ ದಿನ ಬಜೆಟ್‌ನ ದುಪ್ಪಟ್ಟಿನವರೆಗೂ ಖರ್ಚು ಮಾಡಬಹುದು. ತಿಂಗಳ ಮಿತಿಯಾದ ದಿನದ ಬಜೆಟ್‌ನ 30.4 ಪಟ್ಟು ಮೀರಬಾರದು, ಅಷ್ಟೇ. ಒಂದು ದಿನದ ಏರಿಳಿತದಿಂದ ಏನನ್ನೂ ತೀರ್ಮಾನಿಸಲಾಗದು.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಬುಕಿಂಗ್ ಪುಸ್ತಕದಲ್ಲಿ ಹೆಸರುಗಳಿದ್ದು ಪರದೆಯಲ್ಲಿ ಸೊನ್ನೆ ಇದ್ದರೆ ಕನ್ವರ್ಷನ್ ಟ್ಯಾಗ್ ಕೆಲಸ ಮಾಡದೇ ಇರಬಹುದು. ಪುಸ್ತಕದಲ್ಲಿ ಐದು, ಪರದೆಯಲ್ಲಿ ಹತ್ತು ಇದ್ದರೆ ಒಂದೇ ಬುಕಿಂಗ್ ಎರಡು ಸಲ ಎಣಿಕೆಯಾಗುತ್ತಿರಬಹುದು. ಪೇಜ್ ತೆರೆಯದಿರುವುದು, ಬಜೆಟ್‌ನಲ್ಲಿ ಸೊನ್ನೆ ಹೆಚ್ಚಾಗಿರುವುದು, ಇವನ್ನೆಲ್ಲ ಮೊದಲ ದಿನವೇ ಸರಿಪಡಿಸಬೇಕು. ತಪ್ಪು ಮಾಹಿತಿಯಿಂದ ಕಲಿಯುವ ವ್ಯವಸ್ಥೆ ತಪ್ಪನ್ನೇ ಕಲಿಯುತ್ತದೆ.

ಉಳಿದದ್ದಕ್ಕೆ ಕಾಲಾವಕಾಶ ಬೇಕು. ಹೊಂದಿಕೊಳ್ಳಲು ಸುಮಾರು 50 ಕನ್ವರ್ಷನ್ ಅಥವಾ ಮೂರು ಕನ್ವರ್ಷನ್ ಆವರ್ತಗಳು ಬೇಕಾಗಬಹುದು ಎಂದು ಗೂಗಲ್ ತಾನೇ ಹೇಳುತ್ತದೆ. ಕ್ಲಿಕ್ಕಿನಿಂದ ಬುಕಿಂಗ್‌ವರೆಗಿನ ಸಮಯವೇ ಒಂದು ಆವರ್ತ. ನಮ್ಮ ಹೋಮ್‌ಸ್ಟೇಗೆ 50 ಬುಕಿಂಗ್ ಎಂದರೆ ಹದಿಮೂರು ದಿನಗಳ ಕ್ಲಿಕ್, ಆಮೇಲೆ ಅವು ಪೂರ್ತಿ ಫಲ ಕೊಡುವವರೆಗಿನ ಅವಧಿ. ಸುಮಾರು ನಾಲ್ಕು ವಾರ. ವಾರಕ್ಕೆ ಒಂದೇ ಬುಕಿಂಗ್ ಕಾಣುವವರಿಗೆ ಈ ಲೆಕ್ಕ ಒಂದು ವರ್ಷಕ್ಕೆ ಹೋಗುತ್ತದೆ. ಅಂಥವರು ಫೋನ್ ವಿಚಾರಣೆಯಂಥ ಮೊದಲಿನ ಹೆಜ್ಜೆಯನ್ನು ಕನ್ವರ್ಷನ್ ಎಂದು ಎಣಿಸುವುದು ಮೇಲು.

ಆದ್ದರಿಂದ ಏಜೆನ್ಸಿಗಳು ಮೂರನೇ ದಿನದ ವೆಚ್ಚದ ವರದಿ ಕಳಿಸುವ ರೂಢಿಯನ್ನು ಬಿಡಬೇಕು. ಕ್ಯಾಂಪೇನ್ ಶುರುವಾಗುವ ಮೊದಲೇ ಎರಡು ವಿಷಯ ಲಿಖಿತವಾಗಿ ಒಪ್ಪಂದವಾಗಲಿ: ಫಲಿತಾಂಶ ನೋಡುವ ತಾರೀಖು ಮತ್ತು ಅಲ್ಲಿಯವರೆಗೆ ಕಳೆದುಕೊಳ್ಳಲು ಮಾಲೀಕರು ಸಿದ್ಧರಿರುವ ಮೊತ್ತ. ಆ ಮೊತ್ತ ಕೊಡಲಾಗದವರು ಸದ್ಯಕ್ಕೆ ಸ್ಮಾರ್ಟ್ ಬಿಡ್ಡಿಂಗ್‌ಗೆ ಕೈ ಹಾಕದಿರುವುದೇ ಸರಿ.