ಉಗುಳಲ್ಲ, ಕಫ ಬೇಕು

ಕ್ಷಯರೋಗವನ್ನು 2025ರೊಳಗೆ ನಿರ್ಮೂಲನೆ ಮಾಡುವ ಕೇಂದ್ರ ಸರ್ಕಾರದ ಗುರಿ ಈಡೇರದೆ ಉಳಿದಿದೆ. ಕಾರಣಗಳು ಹಲವು. ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಕುಟುಂಬಗಳಿಗೆ ತಟ್ಟುವ ಒಂದನ್ನಷ್ಟೇ ನಾವಿಲ್ಲಿ ಪರಿಶೀಲಿಸುತ್ತೇವೆ.

ಮರಾಠಿಯಲ್ಲಿ ಕಫದ ಪರೀಕ್ಷೆಗೆ ‘ಥುಂಕಿ ತಪಾಸಣಿ’ ಎನ್ನುವುದುಂಟು. ಥುಂಕಿ ಎಂದರೆ ಬಾಯಿಯ ಉಗುಳೂ ಹೌದು. ಆ ಮಾತನ್ನಷ್ಟೇ ಕೇಳಿದವರು ಡಬ್ಬಿಯಲ್ಲಿ ಉಗುಳಿ ಕೊಟ್ಟರೆ ಆಶ್ಚರ್ಯವೇನಿಲ್ಲ. ರೋಗಾಣುಗಳು ಇರುವುದಾದರೋ ಶ್ವಾಸಕೋಶದಿಂದ ಬರುವ ಕಫದಲ್ಲಿ. ಬರಿಯ ಉಗುಳನ್ನು ಪರೀಕ್ಷಿಸಿದರೆ ಸಿಬಿನ್ಯಾಟ್‌ನಂಥ ಸೂಕ್ಷ್ಮ ಯಂತ್ರಕ್ಕೂ ರೋಗ ಕಾಣದೆ ಹೋದೀತು. ಬೆಳಿಗ್ಗೆ ಎದ್ದೊಡನೆ ನೀರಿನಿಂದ ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ನಿಂತು, ಎರಡು ಮೂರು ಬಾರಿ ಆಳವಾಗಿ ಉಸಿರೆಳೆದು, ಎದೆಯಿಂದ ಕೆಮ್ಮಿ ತೆಗೆದ ಗಟ್ಟಿ ಕಫವನ್ನೇ ಕೊಡಬೇಕು.

ಮಕ್ಕಳ ವಿಷಯ ಇನ್ನೂ ತೊಡಕಿನದು. 30 ಕೆ.ಜಿ. ತೂಗುತ್ತಿದ್ದ ಹುಡುಗಿಯೊಬ್ಬಳು ಮೂರು ತಿಂಗಳಲ್ಲಿ 28ಕ್ಕೆ ಇಳಿದಳೆನ್ನೋಣ. ಜೊತೆಗೆ ಎರಡು ವಾರ ಮೀರಿದ ಜ್ವರ, ಕೆಮ್ಮು. ತೂಕದಲ್ಲಿ ಶೇ. 5ಕ್ಕಿಂತ ಹೆಚ್ಚಿನ ಇಳಿಕೆ, ಅಂದರೆ ಇವಳಿಗೆ ಒಂದೂವರೆ ಕೆ.ಜಿ. ದಾಟಿದ್ದು, ಕ್ಷಯವನ್ನು ಶಂಕಿಸಲು ಸಾಕು. ಆದರೆ ಚಿಕ್ಕವರು ಕಫವನ್ನು ನುಂಗಿಬಿಡುತ್ತಾರೆ. ಆದ್ದರಿಂದ ಒಂದು ವರದಿಯಲ್ಲಿ ರೋಗಾಣು ಕಾಣಲಿಲ್ಲವೆಂದು ಸುಮ್ಮನಾಗುವಂತಿಲ್ಲ. ಎದೆಯ ಎಕ್ಸ್‌ರೇ, ಅಗತ್ಯವಿದ್ದರೆ ಬರಿಹೊಟ್ಟೆಯಲ್ಲಿ ನಳಿಕೆಯಿಂದ ತೆಗೆದ ಜಠರದ ದ್ರವದ ಪರೀಕ್ಷೆ ಆಗಬೇಕು. ಶ್ವಾಸಕೋಶದ ಕೀವುಗಟ್ಟು, ಎಚ್‌ಐವಿ ಸೋಂಕುಗಳಲ್ಲಿಯೂ ಇವೇ ಲಕ್ಷಣಗಳು ಇರಬಹುದಾದ್ದರಿಂದ ನಿರ್ಣಯ ವೈದ್ಯರದೇ.

ಶಾಲೆಯ ತೂಕದ ದಾಖಲೆಯ ಪ್ರತಿಯನ್ನು ಪಾಲಕರು ಕೇಳಿ ಪಡೆದು ಆಸ್ಪತ್ರೆಗೆ ಒಯ್ಯಲಿ. ಡಬ್ಬಿಯ ಜೊತೆಗೆ ಕನ್ನಡದಲ್ಲೊಂದು ಸೂಚನಾಚೀಟಿ ಕೊಡಬೇಕೆಂಬುದು ಜಿಲ್ಲಾ ಆಡಳಿತಕ್ಕೆ ನಮ್ಮ ಬೇಡಿಕೆ.