ಒಬ್ಬ ಗಿರಾಕಿಗೆ ಎಷ್ಟು ದುಡ್ಡು ಸುರಿಯಬಹುದು?

ಹಳ್ಳಿಗಳಲ್ಲಿ ಗಾಣದ ಎಣ್ಣೆ, ಬೆಲ್ಲ, ರೊಟ್ಟಿ ಮಾರುವ ಹುಡುಗರಿಗೆ ಈಗ ಒಂದೇ ಉಪದೇಶ ಸಿಗುತ್ತಿದೆ: ‘ಫೇಸ್‌ಬುಕ್‌ನಲ್ಲಿ ಜಾಹೀರಾತು ಹಾಕಿ, ಮೊದಲ ಆರ್ಡರ್ ಅರ್ಧ ಬೆಲೆಗೆ ಕೊಡಿ, ಗಿರಾಕಿ ತಾನಾಗಿ ಬರ್ತಾನೆ.’ ಬರ್ತಾನೆ, ನಿಜ. ಆದರೆ ಅವನನ್ನು ಕರೆತರಲು ಎಷ್ಟು ಖರ್ಚಾಯಿತು, ಅವನಿಂದ ಒಟ್ಟು ಎಷ್ಟು ಉಳಿಯಿತು ಎಂದು ಉಪದೇಶ ಮಾಡುವವರು ಹೇಳುವುದಿಲ್ಲ. ಈ ಮೌನವನ್ನು ನಾವು ಒಪ್ಪುವುದಿಲ್ಲ.

ಒಬ್ಬ ಗಿರಾಕಿ ನಮ್ಮನ್ನು ಬಿಟ್ಟುಹೋಗುವವರೆಗೆ ನಮ್ಮ ಕೈಗೆ ಉಳಿಸುವ ಒಟ್ಟು ಹಣಕ್ಕೆ ‘ಕಸ್ಟಮರ್ ಲೈಫ್‌ಟೈಮ್ ವ್ಯಾಲ್ಯೂ’ ಎನ್ನುತ್ತಾರೆ. ಹೊಸ ಗಿರಾಕಿಗೆ ಖರ್ಚು ಮಾಡಬಹುದಾದ ಹಣದ ಕೊನೆಯ ಗೆರೆ ಅದೇ. ಅದನ್ನು ದಾಟಿದರೆ, ಗಿರಾಕಿ ಹೆಚ್ಚಿದಷ್ಟೂ ನಷ್ಟ ಹೆಚ್ಚುತ್ತದೆ.

ಒಂದು ಲೆಕ್ಕ ಮಾಡೋಣ. ಕಡಲೆಕಾಯಿ ಎಣ್ಣೆಯ ಒಂದು ಲೀಟರ್ ಬಾಟಲಿಗೆ 300 ರೂಪಾಯಿ ಎಂದಿಟ್ಟುಕೊಳ್ಳಿ. ಶೇಂಗಾ, ಗಾಣದ ಕೂಲಿ, ಬಾಟಲಿ, ಮನೆಗೆ ತಲುಪಿಸುವ ಖರ್ಚು ಸೇರಿ 240. ಉಳಿಯುವುದು 60. ಗಿರಾಕಿ ತಿಂಗಳಿಗೊಂದು ಬಾಟಲಿ ಕೊಳ್ಳುತ್ತಾನೆ. ಪ್ರತಿ ತಿಂಗಳೂ ನೂರರಲ್ಲಿ ಹತ್ತು ಜನ ಬಿಟ್ಟುಹೋದರೆ, ಒಬ್ಬ ಗಿರಾಕಿ ಸರಾಸರಿ ಹತ್ತು ತಿಂಗಳು ಇರುತ್ತಾನೆ. ಅಂದರೆ ಅವನ ಬೆಲೆ 60 × 10, 600 ರೂಪಾಯಿ. ಹತ್ತು ಬಾಟಲಿಗೆ 3,000 ಬಂತಲ್ಲ ಎಂದು ಹೇಳುವವರನ್ನು ನಂಬಬೇಡಿ. ಅದರಲ್ಲಿ 2,400 ಶೇಂಗಾ ಕೊಟ್ಟವರಿಗೂ ಕೂಲಿಗೂ ಹೋಗಿಯಾಯಿತು.

ಈ 600 ಕೂಡ ಪರಿಚಯದಿಂದ, ನೆರೆಯವರ ಮಾತಿನಿಂದ ಬಂದ ಗಿರಾಕಿಯ ಲೆಕ್ಕ. ಅರ್ಧ ಬೆಲೆ ನೋಡಿ ಬಂದವರ ಕತೆಯೇ ಬೇರೆ. ಅಂಥ ನೂರು ಜನರಲ್ಲಿ ಐವತ್ತು ಜನ ಎರಡನೇ ಬಾಟಲಿ ಕೇಳಲೇ ಇಲ್ಲ ಎನ್ನಿ. ಉಳಿದ ಐವತ್ತು ಜನ ಸರಾಸರಿ ಇನ್ನೂ ಹತ್ತು ಬಾಟಲಿ ಕೊಂಡರು. ಮೊದಲ ನೂರು ಬಾಟಲಿ, ಆಮೇಲಿನ ಐನೂರು, ಒಟ್ಟು ಆರುನೂರು. ಬಾಟಲಿಗೆ 60ರಂತೆ ಉಳಿಯುವುದು 36,000. ನೂರು ಜನರಿಗೆ ಹಂಚಿದರೆ ತಲೆಗೆ 360 ಮಾತ್ರ.

ಈಗ ಖರ್ಚಿನ ಕಡೆ ನೋಡಿ. ಜಾಹೀರಾತಿಗೆ 12,000 ಹಾಕಿದಿರಿ, 40 ಹೊಸಬರು ಬಂದರು. ತಲೆಗೆ 300. ಮೊದಲ ಬಾಟಲಿಯಲ್ಲಿ ಬಿಟ್ಟುಕೊಟ್ಟ 150 ಕೂಡ ಗಿರಾಕಿಯನ್ನು ಕರೆತರಲು ಮಾಡಿದ ಖರ್ಚೇ. ಒಟ್ಟು 450. ಬರುವುದು 360, ಹೋಗುವುದು 450. ಪ್ರತಿ ತಲೆಗೂ 90 ನಷ್ಟ, 40 ಜನರಿಗೆ 3,600. ಮೊಬೈಲಿನಲ್ಲಿ ಮಾತ್ರ ‘ಆರ್ಡರ್ ಏರುತ್ತಿದೆ’ ಎಂದು ಕಾಣುತ್ತದೆ!

‘ಜಿಯೊ ಫ್ರೀಯಾಗಿ ಕೊಟ್ಟು ಗೆದ್ದಿಲ್ಲವೇ?’ ಎಂದು ಕೇಳುತ್ತಾರೆ. ಕೊಟ್ಟಿತು. 2016ರ ಸೆಪ್ಟೆಂಬರ್‌ನಿಂದ 2017ರ ಮಾರ್ಚ್ ಕೊನೆಯವರೆಗೆ. ಆದರೆ ಟವರ್ ನಿಂತ ಮೇಲೆ ಇನ್ನೊಬ್ಬ ಗಿರಾಕಿ ಸೇರಿದರೆ ಹೆಚ್ಚುವ ಖರ್ಚು ಸ್ವಲ್ಪವೇ. ರೀಚಾರ್ಜ್ ದುಡ್ಡಿನ ಬಹುಪಾಲು ಉಳಿಯುತ್ತದೆ, ಸಿಮ್ ವರ್ಷಗಟ್ಟಲೆ ಜೇಬಿನಲ್ಲಿರುತ್ತದೆ. ಅವರ ಗೆರೆ ಬಹಳ ಮೇಲಿದೆ. ಎಣ್ಣೆ ಹಾಗಲ್ಲ, ಪ್ರತಿ ಬಾಟಲಿಗೂ ಹೊಸದಾಗಿ ಶೇಂಗಾ ಕೊಳ್ಳಲೇಬೇಕು.

ಇನ್ನೊಂದು ಮಾತು. 360 ಎನ್ನುವುದು ಕೊನೆಯ ಗೆರೆಯೇ ಹೊರತು ಗುರಿಯಲ್ಲ. ಅಷ್ಟನ್ನೂ ಖರ್ಚು ಮಾಡಿದರೆ ಗಾಣದ ಮನೆಯ ಬಾಡಿಗೆಗೆ, ನಿಮ್ಮ ದುಡಿಮೆಗೆ ಏನೂ ಉಳಿಯುವುದಿಲ್ಲ. ಅದಕ್ಕೇ ಮೂರರಲ್ಲೊಂದು ಪಾಲು ದಾಟಬಾರದು ಎಂಬ ರೂಢಿಯ ಲೆಕ್ಕ ವ್ಯಾಪಾರಸ್ಥರಲ್ಲಿದೆ. ಇಲ್ಲಿ ಅದು 120. ಜೊತೆಗೆ, ಖರ್ಚು ಇವತ್ತೇ ಆಗುತ್ತದೆ, ಉಳಿಕೆ ತಿಂಗಳಿಗೆ 60ರಂತೆ ಬರುತ್ತದೆ. ಸಾಲ ತಂದು ಜಾಹೀರಾತು ಹಾಕಿದರೆ ಆ ನಡುವೆ ಬಡ್ಡಿಯೂ ಓಡುತ್ತಿರುತ್ತದೆ.

ಹಾಗಾದರೆ ನಿಮ್ಮ ಗೆರೆ ಎಲ್ಲಿದೆ? ಅದಕ್ಕೆ ಒಂದು ನೋಟ್‌ಬುಕ್ ಸಾಕು. ಯುಗಾದಿ ತಿಂಗಳಲ್ಲಿ ಸೇರಿದವರಿಗೆ ಒಂದು ಪುಟ, ಮುಂದಿನ ತಿಂಗಳವರಿಗೆ ಇನ್ನೊಂದು. ಹೆಸರಿನ ಮುಂದೆ ಜಾಹೀರಾತಿಂದ ಬಂದರೋ ಪರಿಚಯದಿಂದಲೋ ಬರೆಯಿರಿ. ಕೊಂಡ ತಿಂಗಳಿಗೆ ಒಂದೊಂದು ಗುರುತು ಹಾಕಿ. ದಸರೆ ಹೊತ್ತಿಗೆ ಯಾವ ಬಗೆಯವರು ಉಳಿದರು, ಯಾರು ಹೋದರು ಎಂದು ಕಣ್ಣಿಗೇ ಕಾಣುತ್ತದೆ. ಎರಡೂ ಬಗೆಯವರನ್ನು ಕಲಸಿ ಸರಾಸರಿ ತೆಗೆದರೆ, ಪರಿಚಯದವರ ಲಾಭ ಜಾಹೀರಾತಿನ ನಷ್ಟವನ್ನು ಮುಚ್ಚಿಬಿಡುತ್ತದೆ.

ಜಾಹೀರಾತು ಬೇಡವೆಂದು ನಾವು ಹೇಳುತ್ತಿಲ್ಲ. ಮುಂದಿನ ಸಲ ಯಾರಾದರೂ ‘ಐನೂರು ಗಿರಾಕಿ ತಂದುಕೊಡ್ತೀವಿ’ ಎಂದು ಬಂದರೆ ಎರಡೇ ಪ್ರಶ್ನೆ ಕೇಳಿ: ತಲೆಗೆ ಎಷ್ಟು ಬೀಳುತ್ತದೆ? ಎರಡನೇ ಸಲ ಕೊಳ್ಳುವವರು ಎಷ್ಟು ಜನ? ಉತ್ತರ ಇಲ್ಲದಿದ್ದರೆ ದುಡ್ಡು ನಿಮ್ಮ ಜೇಬಿನಲ್ಲೇ ಇರಲಿ.