ಫೋನಿನಲ್ಲೇ ರಿಮೋಟ್ ಬೇಕೇ?

ಹೊಸ ಫೋನ್ ಕೊಳ್ಳುವಾಗ ‘ಐಆರ್ ಬ್ಲಾಸ್ಟರ್ ಇದೆಯಾ?’ ಎಂದು ಗೆಳೆಯರು ಕೇಳುವುದುಂಟು. ಫೋನಿನ ಮೇಲಂಚಿನ ಆ ಪುಟ್ಟ ಕಪ್ಪು ಚುಕ್ಕೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಮಿಟುಕಿಸಿ ರಿಮೋಟ್‌ನ ಕೆಲಸ ಮಾಡುತ್ತದೆ. ರೆಡ್ಮಿ, ಪೋಕೋದ ಹಲವು ಫೋನ್‌ಗಳಲ್ಲಿದೆ, ಐಫೋನ್‌ನಲ್ಲಿಲ್ಲ.

ಟಿವಿಗಾಗಿ ಇದನ್ನು ಹುಡುಕಬೇಕಿಲ್ಲ. ಬಹುತೇಕ ಸ್ಮಾರ್ಟ್ ಟಿವಿಗಳನ್ನು ವೈಫೈ ಮೂಲಕವೇ ಫೋನಿನಿಂದ ನಡೆಸಬಹುದು. ಎಸಿಯ ಕಥೆ ಬೇರೆ.

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಎಸಿ ರಿಮೋಟ್ ಬಿದ್ದು ಒಡೆಯಿತು. ಮಾಮನ ಫೋನಿನ ರಿಮೋಟ್ ಆಪ್‌ನಲ್ಲಿ ಎಸಿ ಕಂಪನಿಯ ಹೆಸರು ಆರಿಸಿದೆವು. ಆಪ್ ಒಂದೊಂದೇ ಕೋಡ್ ಕಳಿಸುತ್ತ, ಎಸಿ ಸ್ಪಂದಿಸಿತೇ ಎಂದು ಕೇಳಿತು. ಮೂರನೆಯದಕ್ಕೆ ಬೀಪ್ ಬಂತು, ಎಸಿ ಆನ್ ಆಯಿತು, ಆದರೆ ಫ್ಯಾನ್ ವೇಗ ಬದಲಾಗಲಿಲ್ಲ. ಐದನೆಯದು ಪೂರ್ತಿ ಹೊಂದಿತು. ಹಾಗಾಗಿ ಬೀಪ್ ಕೇಳಿದೊಡನೆ ‘ಹೌದು’ ಒತ್ತಬೇಡಿ, ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿ.

ಇನ್ನೊಂದು ತೊಡಕು ಹೊಸ ರಿಮೋಟ್ ಬಂದ ಮೇಲೆ ತಿಳಿಯಿತು. ಟಿವಿ ರಿಮೋಟ್ ಒತ್ತಿದ ಗುಂಡಿ ಯಾವುದೆಂದಷ್ಟೇ ಹೇಳುತ್ತದೆ. ಎಸಿ ರಿಮೋಟ್ ಸಾಮಾನ್ಯವಾಗಿ ಪ್ರತಿ ಸಲವೂ ಉಷ್ಣತೆ, ಮೋಡ್, ಫ್ಯಾನ್ ವೇಗ ಎಲ್ಲವನ್ನೂ ಒಟ್ಟಿಗೆ ಕಳಿಸುತ್ತದೆ. ಅಮ್ಮ ರಿಮೋಟ್‌ನಲ್ಲಿ 20 ಡಿಗ್ರಿಗೆ ಇಟ್ಟಿದ್ದರು. ಫೋನ್ ಇನ್ನೂ 26 ಎಂದೇ ತೋರಿಸುತ್ತಿತ್ತು. ನಾನು ಒಮ್ಮೆ ‘+’ ಒತ್ತಿದೆ, ಎಸಿ 21ಕ್ಕಲ್ಲ, ನೇರ 27ಕ್ಕೆ ಹಾರಿತು. ಐಆರ್ ಒನ್‌ವೇ ರಸ್ತೆ. ಎಸಿ ಏನನ್ನೂ ಫೋನಿಗೆ ತಿರುಗಿ ಹೇಳುವುದಿಲ್ಲ.

ಬೆಲೆ, ಬ್ಯಾಟರಿ ಸಮವಿದ್ದರೆ ಐಆರ್ ಇರುವ ಫೋನನ್ನೇ ಆರಿಸಿ. ಅದಕ್ಕೆಂದೇ ಸಾವಿರ ರೂಪಾಯಿ ಹೆಚ್ಚು ಕೊಡುವುದು ನನಗಂತೂ ಒಪ್ಪಿಗೆಯಿಲ್ಲ, ಕೆಲವು ನೂರಕ್ಕೆ ಬೇರೆ ರಿಮೋಟ್ ಸಿಗುತ್ತದೆ. ಮಾಮ ಊರಿಗೆ ಹೊರಟ ದಿನ ನಮ್ಮ ಎಸಿ ರಿಮೋಟೂ ಅವರ ಜೇಬಿನಲ್ಲೇ ಬಸ್ ಹತ್ತಿತ್ತು.